ಲೈನ್ ಮನೆಯ ಕಾಮಾಲೆ: ಸೋಂಕು ತಗಲಿದ ದಿನವನ್ನು ಹಿಂದಕ್ಕೆ ಎಣಿಸುವ ಲೆಕ್ಕ

ಕಾಫಿ ತೋಟದ ಲೈನ್ ಮನೆಗಳಲ್ಲಿ ಮೂವರಿಗೆ ಕಾಮಾಲೆ ಎಂಬ ಸುದ್ದಿ ಬಂದರೆ ಎಲ್ಲರೂ ಮೊದಲು ಓಡುವುದು ನೀರಿನ ತೊಟ್ಟಿಯ ಹತ್ತಿರಕ್ಕೆ. ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ಆಮೇಲೆ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕಳಿಸುತ್ತಾರೆ. ವಾರ ಕಳೆದ ಮೇಲೆ 'ಕುಡಿಯಲು ಯೋಗ್ಯ' ಎಂಬ ವರದಿ ಬರುತ್ತದೆ, ಕಡತ ಮುಚ್ಚಿಹೋಗುತ್ತದೆ. ಈ ಕ್ರಮದಲ್ಲಿ ಎರಡು ತಪ್ಪುಗಳಿವೆ. ಪೌಡರ್ ಹಾಕಿದ ಮೇಲೆ ಹಿಡಿದ ನೀರು ಶುದ್ಧವೆಂದು ಬರುವುದು ಸಹಜ. ಮೊದಲೇ ಹಿಡಿದಿದ್ದರೂ ಅದು ಈ ವಾರದ ನೀರು. ಹೆಪಟೈಟಿಸ್ ಎ ಆಗಿದ್ದರೆ ಕಾಯಿಲೆ ತಂದ ನೀರನ್ನು ಜನ ಕುಡಿದದ್ದು ಸುಮಾರು ಒಂದು ತಿಂಗಳ ಹಿಂದೆ.

ಆ ನೀರು ಈಗ ಯಾರ ಕೈಗೂ ಸಿಗುವುದಿಲ್ಲ. ಸಿಗುವುದು ದಿನಾಂಕಗಳು ಮತ್ತು ತಲೆಲೆಕ್ಕ ಮಾತ್ರ. ಅವುಗಳನ್ನು ಸರಿಯಾಗಿ ಬರೆದಿಟ್ಟರೆ ಯಾವ ತೊಟ್ಟಿ, ಯಾವ ವಾರ ಎಂಬಲ್ಲಿಯವರೆಗೆ ಹೋಗಬಹುದು. 2024ರಲ್ಲಿ ಪಕ್ಕದ ಕೇರಳದ ಮಲಪ್ಪುರಂ, ಎರ್ನಾಕುಲಂ ಜಿಲ್ಲೆಗಳಲ್ಲಿ ಹೆಪಟೈಟಿಸ್ ಎ ದೊಡ್ಡದಾಗಿ ಹಬ್ಬಿತ್ತು. ಒರತೆ, ತೆರೆದ ಬಾವಿ, ತೋಟದ ಪೈಪುಗಳ ನೀರನ್ನೇ ನೆಚ್ಚಿರುವ ಕೊಡಗಿನಲ್ಲಿ ಈ ಲೆಕ್ಕ ಗೊತ್ತಿರಬೇಕಾದ ಕಾರಣವನ್ನು ಬೇರೆ ಹೇಳಬೇಕಿಲ್ಲ. ಮುಂದೆ ಬರುವ ತೋಟ, ಅಲ್ಲಿನ ಅಂಕಿಗಳು ಲೆಕ್ಕ ತೋರಿಸಲು ಕಟ್ಟಿದ ಉದಾಹರಣೆ. ವಿಧಾನ ಮತ್ತು ರೋಗದ ಅವಧಿಗಳು ನಿಜವಾದವು.

ಯಾರನ್ನು ಎಣಿಸಬೇಕು

ವಿರಾಜಪೇಟೆ ಕಡೆಯ ಒಂದು ತೋಟ ಎಂದಿಟ್ಟುಕೊಳ್ಳೋಣ. ಆಗಸ್ಟ್ 14ರಂದು ಮೂರು ಬೇರೆ ಬೇರೆ ಮನೆಗಳಿಂದ ಕಾಮಾಲೆ ವರದಿಯಾಗಿದೆ. ರೋಗ ಸರ್ವೇಕ್ಷಣಾ ಕಾರ್ಯಕ್ರಮದ ಮಾನದಂಡದಂತೆ ಒಂದು ಹಳ್ಳಿಯಲ್ಲಿ ಅಥವಾ ಸಾವಿರ ಜನಸಂಖ್ಯೆಯಲ್ಲಿ ಬೇರೆ ಬೇರೆ ಮನೆಗಳ ಎರಡಕ್ಕಿಂತ ಹೆಚ್ಚು ಮಂದಿಗೆ ಕಾಮಾಲೆ ಕಂಡರೆ ತನಿಖೆಗೆ ಇಳಿಯಬೇಕು. ಇಳಿಯುವ ಮುಂಚೆ ಒಂದು ಪುಟದಲ್ಲಿ ಬರೆದುಕೊಳ್ಳಬೇಕಾದದ್ದು ಕೇಸ್ ಡೆಫಿನಿಷನ್, ಅಂದರೆ ಯಾರನ್ನು ಈ ಲೆಕ್ಕಕ್ಕೆ ಸೇರಿಸಬೇಕು ಎಂಬ ನಿಯಮ. ಅದರಲ್ಲಿ ರೋಗಲಕ್ಷಣ, ಜನ, ಜಾಗ, ಕಾಲ ನಾಲ್ಕೂ ಇರಬೇಕು.

ಇಲ್ಲಿಗೆ ಹೊಂದುವ ಒಂದು ನಿಯಮ ಹೀಗಿರಬಹುದು. ಜುಲೈ 1ರಿಂದ ಈಚೆಗೆ ಈ ತೋಟದ ಲೈನ್ ಮನೆಗಳಲ್ಲಿ ವಾಸವಿದ್ದ ಯಾವುದೇ ವಯಸ್ಸಿನ ವ್ಯಕ್ತಿಗೆ ಹೊಸದಾಗಿ ಕಣ್ಣು ಹಳದಿಯಾಗಿದ್ದರೆ, ಅಥವಾ ಮೂತ್ರ ಕಡುಬಣ್ಣಕ್ಕೆ ತಿರುಗಿ ಜೊತೆಗೆ ಜ್ವರ, ವಾಕರಿಕೆ, ಊಟ ಸೇರದಿರುವುದು ಇವುಗಳಲ್ಲಿ ಒಂದಾದರೂ ಇದ್ದರೆ ಅದು ಶಂಕಿತ ಪ್ರಕರಣ. ಅಂಥವರ ರಕ್ತದಲ್ಲಿ ಯಕೃತ್ತಿಗೆ ಪೆಟ್ಟಾದಾಗ ಏರುವ ಎಎಲ್‌ಟಿ ಕಿಣ್ವದ ಪ್ರಮಾಣ ಸಾಮಾನ್ಯದ ಮೇಲ್ಮಿತಿಗಿಂತ ಎರಡೂವರೆ ಪಟ್ಟು ದಾಟಿದ್ದರೆ ಸಂಭವನೀಯ ಪ್ರಕರಣ. ಹೊಸ ಸೋಂಕನ್ನು ತೋರಿಸುವ ಪ್ರತಿಕಾಯವಾದ ಹೆಪಟೈಟಿಸ್ ಎ ಐಜಿಎಂ ಪಾಸಿಟಿವ್ ಬಂದರೆ ದೃಢಪಟ್ಟ ಪ್ರಕರಣ. ಎಲ್ಲರ ರಕ್ತ ತೆಗೆಯಬೇಕಾಗಿಲ್ಲ. ಮೊದಲ ಐದರಿಂದ ಹತ್ತು ಮಂದಿಯ ಮಾದರಿ ಸಾಕು, ಉಳಿದವರನ್ನು ಲಕ್ಷಣ ನೋಡಿ ಸೇರಿಸಿಕೊಳ್ಳಬಹುದು. ಆದರೆ ಆ ಮಾದರಿಗಳಿಗೆ ಹೆಪಟೈಟಿಸ್ ಇ ಐಜಿಎಂ, ಲೆಪ್ಟೋಸ್ಪೈರಾ ಐಜಿಎಂ ಎರಡನ್ನೂ ಮಾಡಿಸಲೇಬೇಕು. ಮಳೆಗಾಲದಲ್ಲಿ ಗದ್ದೆಗೆ, ತೋಟದ ಕೆಸರಿಗೆ ಇಳಿಯುವವರಿಗೆ ಲೆಪ್ಟೋಸ್ಪೈರಾದಿಂದ ಬರುವ ಇಲಿ ಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಹೆಪಟೈಟಿಸ್ ಎ ಬಂದವರಲ್ಲಿ ಸಾಮಾನ್ಯವಾಗಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಇಳಿದಿರುತ್ತದೆ. ಕಾಮಾಲೆಯ ಜೊತೆಗೇ ಜೋರು ಜ್ವರ, ಮೀನಖಂಡದ ನೋವು, ಕೆಂಪಗಾದ ಕಣ್ಣು ಇದ್ದರೆ ಇಲಿ ಜ್ವರವನ್ನೇ ಮೊದಲು ಅನುಮಾನಿಸಬೇಕು, ಏಕೆಂದರೆ ಅದಕ್ಕೆ ಆಂಟಿಬಯೋಟಿಕ್ ತಕ್ಷಣ ಬೇಕು. ಹೆಪಟೈಟಿಸ್ ಇ ಎಂದಾದರೆ ಲೈನಿನಲ್ಲಿರುವ ಗರ್ಭಿಣಿಯರ ಪಟ್ಟಿ ಆ ದಿನವೇ ಕೈಯಲ್ಲಿರಬೇಕು. ಆ ರೋಗ ಕೊನೆಯ ಮೂರು ತಿಂಗಳ ಗರ್ಭಿಣಿಯರ ಜೀವಕ್ಕೇ ಎರವಾಗುತ್ತದೆ.

ಕೇಸ್ ಡೆಫಿನಿಷನ್ ಬರೆಯುವಾಗ ಪದೇ ಪದೇ ಆಗುವ ತಪ್ಪು ಒಂದಿದೆ. 'ತೊಟ್ಟಿ ನೀರು ಕುಡಿದು ಕಾಮಾಲೆ ಬಂದವರು' ಎಂದು ಅದರಲ್ಲೇ ಸೇರಿಸಿಬಿಡುತ್ತಾರೆ. ಹಾಗೆ ಬರೆದ ಮೇಲೆ ಪಟ್ಟಿಯಲ್ಲಿರುವ ಎಲ್ಲರೂ ತೊಟ್ಟಿ ನೀರು ಕುಡಿದವರೇ ಆಗಿರುತ್ತಾರೆ, ಬೋರ್‌ವೆಲ್ ನೀರು ಕುಡಿದು ಬಿದ್ದವರು ಲೆಕ್ಕಕ್ಕೇ ಬರುವುದಿಲ್ಲ. ಸಾಬೀತು ಮಾಡಬೇಕಾದ ಅನುಮಾನ ನಿಯಮದೊಳಗೇ ನುಸುಳಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ನಿಯಮ ಸಿದ್ಧವಾದ ಮೇಲೆ ಮನೆ ಮನೆ ಹುಡುಕಾಟ. ಕಾಮಾಲೆಗೆ ನಾಟಿ ಔಷಧಿಯೇ ಸೈ ಎಂದು ನಂಬಿದವರು ನಮ್ಮಲ್ಲಿ ಬಹಳ. ಆಸ್ಪತ್ರೆಯ ಒಪಿಡಿ ಪುಸ್ತಕವನ್ನಷ್ಟೇ ನೋಡಿದರೆ ಅರ್ಧ ಕೇಸುಗಳು ತಪ್ಪಿಹೋಗಬಹುದು. ಸುತ್ತಲಿನ ನಾಟಿ ವೈದ್ಯರು, ಖಾಸಗಿ ಕ್ಲಿನಿಕ್, ರಕ್ತ ಪರೀಕ್ಷೆಯ ಲ್ಯಾಬ್, ಔಷಧಿ ಅಂಗಡಿ ಎಲ್ಲ ಕಡೆ ವಿಚಾರಿಸಬೇಕು. ನಮ್ಮ ಉದಾಹರಣೆಯಲ್ಲಿ ವರದಿಯಾದದ್ದು ಮೂರು, ಎರಡು ದಿನ ಹುಡುಕಿದಾಗ ಸಿಕ್ಕಿದ್ದು ಇಪ್ಪತ್ತಾರು. ಆಗಸ್ಟ್ ಮುಗಿಯುವ ಹೊತ್ತಿಗೆ ಒಟ್ಟು 41.

ದಿನಾಂಕ ಕೇಳುವ ಕಲೆ, ನಕ್ಷೆ ಬರೆಯುವ ಕ್ರಮ

ಎಪಿಡೆಮಿಕ್ ಕರ್ವ್ ಎಂಬುದು ಸರಳ ಕಂಬ ನಕ್ಷೆ. ಅಡ್ಡಕ್ಕೆ ದಿನಾಂಕ, ಉದ್ದಕ್ಕೆ ಆ ದಿನಗಳಲ್ಲಿ ಕಾಯಿಲೆ ಶುರುವಾದವರ ಸಂಖ್ಯೆ. ಕಂಬಗಳ ನಡುವೆ ಸಂದಿ ಇರಬಾರದು. ಕಷ್ಟವಿರುವುದು ನಕ್ಷೆಯಲ್ಲಿ ಅಲ್ಲ, ದಿನಾಂಕದಲ್ಲಿ. ಪಟ್ಟಿಯಲ್ಲಿ ನಾಲ್ಕು ಬೇರೆ ದಿನಾಂಕಗಳು ಇರಲು ಸಾಧ್ಯ: ಮೊದಲ ಲಕ್ಷಣ ಕಂಡ ದಿನ, ಕಣ್ಣು ಹಳದಿಯಾದ ದಿನ, ಆಸ್ಪತ್ರೆಗೆ ಬಂದ ದಿನ, ಪೋರ್ಟಲ್‌ಗೆ ಏರಿಸಿದ ದಿನ. ಕೊನೆಯದನ್ನು ಇಟ್ಟುಕೊಂಡು ನಕ್ಷೆ ಬರೆದರೆ ಸಿಗುವುದು ಡೇಟಾ ಎಂಟ್ರಿ ಆಪರೇಟರ್ ಯಾವ ದಿನ ಕೆಲಸಕ್ಕೆ ಬಂದಿದ್ದರು ಎಂಬ ಮಾಹಿತಿ. ಬೇಕಾದದ್ದು ಮೊದಲ ಲಕ್ಷಣದ ದಿನ. ಕಾಮಾಲೆ ಕಾಣಿಸುವುದಕ್ಕೆ ಕೆಲವು ದಿನ ಮುಂಚೆಯೇ ಜ್ವರ, ಸುಸ್ತು, ಸಿಗರೇಟು ಊಟ ಯಾವುದೂ ಬೇಡವಾಗುವುದು ಶುರುವಾಗಿರುತ್ತದೆ. ಕೆಲವರದು ಜ್ವರದ ದಿನ, ಕೆಲವರದು ಹಳದಿಯಾದ ದಿನ ಎಂದು ಬೆರೆಸಿದರೆ ನಕ್ಷೆ ಅಗಲವಾಗಿ ಹರಡಿ ಕೆಡುತ್ತದೆ.

'ಯಾವ ತಾರೀಕಿಗೆ ಶುರುವಾಯಿತು' ಎಂದು ಕೇಳಿದರೆ ಹೆಚ್ಚಿನವರು 'ಹತ್ತು ಹದಿನೈದು ದಿನ ಆಯ್ತು ಸಾರ್' ಎನ್ನುತ್ತಾರೆ. ಹಾಗೆ ಬಿಡಬಾರದು. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನವಾದ ಕಕ್ಕಡ ಪದಿನೆಟ್ಟ್ ಆಗಸ್ಟ್ 3ರಂದು ಬರುತ್ತದೆ. ಅಂದು ಮದ್ದು ಸೊಪ್ಪಿನ ತಿನಿಸಾದ ಮದ್ದ್‌ಪುಟ್ಟ್ ತಿಂದಿರಾ, ತಿಂದಾಗ ರುಚಿ ಗೊತ್ತಾಯಿತಾ ಎಂದು ಕೇಳಿದರೆ ಕೊಡವರಿಗೂ ಸುತ್ತಲಿನವರಿಗೂ ನೆನಪು ಬರುತ್ತದೆ. ಅಸ್ಸಾಂ ಕಡೆಯಿಂದ ಬಂದವರಿಗೆ ಬಟವಾಡೆಯ ದಿನ, ಸಂತೆಯ ದಿನ, ಸ್ವಾತಂತ್ರ್ಯ ದಿನದ ರಜೆ ಗುರುತಾಗಿರುತ್ತದೆ. ತೋಟದ ರೈಟರ ಬಳಿ ಇರುವ ಚೆಕ್‌ರೋಲ್ ಇನ್ನೂ ಗಟ್ಟಿ ಸಾಕ್ಷಿ. ಆಳು ಮೊದಲು ಗೈರಾದ ದಿನ ಅದರಲ್ಲಿ ಬರೆದೇ ಇರುತ್ತದೆ.

ಒಂದೊಂದು ಕಂಬಕ್ಕೆ ಎಷ್ಟು ದಿನ ಎಂಬುದು ರೋಗದ ಇನ್‌ಕ್ಯುಬೇಷನ್ ಅವಧಿಯ ಮೇಲೆ ನಿಲ್ಲುತ್ತದೆ, ಅಂದರೆ ಸೋಂಕು ತಗಲಿದಂದಿನಿಂದ ಲಕ್ಷಣ ಕಾಣುವವರೆಗಿನ ಕಾಲ. ಹೆಪಟೈಟಿಸ್ ಎಗೆ ಅದು 15ರಿಂದ 50 ದಿನ, ಸರಾಸರಿ 28. ಕಂಬದ ಅಗಲ ಸರಾಸರಿಯ ಎಂಟನೇ ಒಂದರಿಂದ ಮೂರನೇ ಒಂದು ಭಾಗದೊಳಗೆ ಇದ್ದರೆ ಆಕಾರ ಕಾಣುತ್ತದೆ. ಇಲ್ಲಿ ನಾಲ್ಕು ದಿನ ಸೂಕ್ತ. ದಿನಕ್ಕೊಂದು ಕಂಬ ಮಾಡಿದರೆ ಹಲ್ಲುಹಲ್ಲಾಗಿ ಏನೂ ತಿಳಿಯದು, ತಿಂಗಳಿಗೊಂದು ಮಾಡಿದರೆ ಒಂದೇ ಗೋಪುರ ನಿಲ್ಲುತ್ತದೆ. ಎಕ್ಸೆಲ್‌ನಲ್ಲಿ ಲಕ್ಷಣ ಶುರುವಾದ ದಿನ D ಕಾಲಂನಲ್ಲಿ, ಕಂಬದ ಮೊದಲ ದಿನ F2ರಲ್ಲಿ ಇದ್ದರೆ ಈ ಸೂತ್ರ ಸಾಕು:

```
=COUNTIFS(D:D,">="&F2,D:D,"<"&F2+4)
```

ಸೂತ್ರ ಹಾಕುವ ಮೊದಲು D ಕಾಲಂ ನಿಜವಾಗಿ ದಿನಾಂಕವೇ ಎಂದು ನೋಡಿ. ಆಗಸ್ಟ್ 9 ಎಂದು ಟೈಪ್ ಮಾಡಿದ್ದು ಕಂಪ್ಯೂಟರಿನ ಸೆಟ್ಟಿಂಗ್ ಪ್ರಕಾರ ಸೆಪ್ಟೆಂಬರ್ 8 ಆಗಿ ಕೂತಿರಬಹುದು. ಆಗಸ್ಟ್ ತಿಂಗಳ ತನಿಖೆಯಲ್ಲಿ ಮುಂದಿನ ತಿಂಗಳ ಕೇಸುಗಳು ಕಂಡರೆ ಮೊದಲು ಇದನ್ನೇ ಶಂಕಿಸಬೇಕು.

ನಮ್ಮ ತೋಟದ ಎಣಿಕೆ ಹೀಗೆ ಬಂತು. ಜುಲೈ 30ರಿಂದ ಆಗಸ್ಟ್ 2ರವರೆಗೆ 2, ಆಗಸ್ಟ್ 3ರಿಂದ 6ರವರೆಗೆ 5, 7ರಿಂದ 10ರವರೆಗೆ 11, 11ರಿಂದ 14ರವರೆಗೆ 12, 15ರಿಂದ 18ರವರೆಗೆ 7, 19ರಿಂದ 22ರವರೆಗೆ 3, 23ರಿಂದ 26ರವರೆಗೆ 1. ಬೇಗ ಏರಿ ಒಂದೇ ಶಿಖರ ಮುಟ್ಟಿ ಇಳಿದಿದೆ. ಎಲ್ಲ 41 ಕೇಸುಗಳೂ ಒಂದು ಇನ್‌ಕ್ಯುಬೇಷನ್ ಅವಧಿಯ ಹರವಿನೊಳಗೇ ಇವೆ. ಎಲ್ಲರಿಗೂ ಸರಿಸುಮಾರು ಒಂದೇ ಹೊತ್ತಿನಲ್ಲಿ, ಒಂದೇ ಮೂಲದಿಂದ ಸೋಂಕು ತಗಲಿರುವಾಗ ಕಾಣುವ ಆಕಾರ ಇದು. ಮೂಲ ವಾರಗಟ್ಟಲೆ ಸೋರುತ್ತಲೇ ಇದ್ದರೆ ಶಿಖರದ ಬದಲು ಚಪ್ಪಟೆ ದಿಬ್ಬ ಏಳುತ್ತಿತ್ತು.

ಇಳಿಜಾರನ್ನು ನಂಬುವ ಮುಂಚೆ ಒಂದು ಎಚ್ಚರ. ಆಗಸ್ಟ್ 16ರಂದು ಇದೇ ನಕ್ಷೆ ಬರೆದಿದ್ದರೆ ಕೊನೆಯ ಕಂಬ ಕುಳ್ಳಗೇ ಕಾಣುತ್ತಿತ್ತು. ರೋಗ ಇಳಿಯಿತೆಂದಲ್ಲ, ಹೋದ ವಾರ ಮಲಗಿದವರು ಇನ್ನೂ ನಮ್ಮ ಪಟ್ಟಿಗೆ ಬಂದಿಲ್ಲ ಅಷ್ಟೆ. 'ಪರಿಸ್ಥಿತಿ ಹತೋಟಿಗೆ ಬಂದಿದೆ' ಎಂಬ ಪತ್ರಿಕಾ ಹೇಳಿಕೆಗಳು ಎಷ್ಟೋ ಬಾರಿ ಈ ಕುಳ್ಳ ಕಂಬದ ಮೇಲೆಯೇ ನಿಂತಿರುತ್ತವೆ.

ಹಿಂದಕ್ಕೆ ಎಣಿಸಿದರೆ

ಈಗ ಮೂರು ಕಳೆಯುವ ಲೆಕ್ಕ. ಮೊದಲ ಕೇಸಿನ ದಿನ ಜುಲೈ 31. ಅದರಿಂದ ಕನಿಷ್ಠ ಅವಧಿಯಾದ 15 ದಿನ ಕಳೆದರೆ ಜುಲೈ 16. ಸೋಂಕು ತಗಲಿದ್ದು ಅದಕ್ಕಿಂತ ಈಚೆಗೆ ಇರಲಾರದು. ಕೊನೆಯ ಕೇಸು ಆಗಸ್ಟ್ 25. ಅದರಿಂದ ಗರಿಷ್ಠ 50 ದಿನ ಕಳೆದರೆ ಜುಲೈ 6. ಎಲ್ಲರಿಗೂ ಒಂದೇ ಸಲ ತಗಲಿದ್ದರೆ ಅದಕ್ಕಿಂತ ಆಚೆಗೂ ಇರಲಾರದು. ನಡುವಿನ ಕೇಸು, ಅಂದರೆ 41ರಲ್ಲಿ 21ನೆಯದು, ಆಗಸ್ಟ್ 12. ಸರಾಸರಿ 28 ದಿನ ಕಳೆದರೆ ಜುಲೈ 15. ಹಾಗಾಗಿ ಜುಲೈ 6ರಿಂದ 16ರ ನಡುವೆ, ಅದರಲ್ಲೂ ಕೊನೆಯ ದಿನಗಳಲ್ಲಿ ಏನಾಯಿತು ಎಂಬುದೇ ಈಗ ಪ್ರಶ್ನೆ. ಮೇಸ್ತ್ರಿಯನ್ನು 'ನೀರಿಗೆ ಏನಾದರೂ ತೊಂದರೆ ಇತ್ತೇ' ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. 'ಜುಲೈ ಎರಡನೇ ವಾರದ ಮಳೆಗೆ ಬರೆ ಜರಿದಿತ್ತೇ, ಪೈಪ್ ಕಿತ್ತು ಮತ್ತೆ ಜೋಡಿಸಿದ್ದು ಯಾವಾಗ, ಯಾವ ಗುಂಡಿ ತುಂಬಿ ಹರಿಯಿತು' ಎಂದು ದಿನ ಹಿಡಿದು ಕೇಳಿದರೆ ಉತ್ತರ ಬರುತ್ತದೆ. ಮಳೆಮಾಪನದ ಪುಸ್ತಕ ಇಡದ ಕಾಫಿ ತೋಟ ಅಪರೂಪ. ಅದನ್ನು ತರಿಸಿ ಪಕ್ಕದಲ್ಲಿಟ್ಟು ನೋಡಬಹುದು.

ಈ ಲೆಕ್ಕ ರೋಗ ಯಾವುದೆಂದು ಖಚಿತವಾದ ಮೇಲೆ ಮಾತ್ರ ನಿಲ್ಲುತ್ತದೆ. ಇದೇ 41 ಕೇಸುಗಳು ಹೆಪಟೈಟಿಸ್ ಇ ಆಗಿದ್ದರೆ ಅದರ ಅವಧಿ 15ರಿಂದ 64 ದಿನ, ಸರಾಸರಿ 40. ಆಗ ಕಿಟಕಿ ಜೂನ್ 22ರವರೆಗೆ ಹಿಂದಕ್ಕೆ ತೆರೆದುಕೊಳ್ಳುತ್ತದೆ, ನಡುವಿನ ದಿನ ಜುಲೈ 3 ಆಗುತ್ತದೆ. ಐಜಿಎಂ ವರದಿ ಬರುವ ಮೊದಲೇ ದಿನ ಗೊತ್ತುಮಾಡಿಕೊಂಡು ತೋಟದ ಮ್ಯಾನೇಜರರ ಮೇಲೆ ಹೋಗುವುದು ಬೇಡ.

ಇನ್ನೊಂದು ಸೂಕ್ಷ್ಮವಿದೆ. ಸೆಪ್ಟೆಂಬರ್ 15ರಂದು ಮೊದಲ ರೋಗಿಯ ಮನೆಯಲ್ಲೇ ಮತ್ತೊಬ್ಬರು ಮಲಗಿದರು ಎನ್ನಿ. ಅವರನ್ನೂ ಸೇರಿಸಿ 50 ದಿನ ಕಳೆದರೆ ಜುಲೈ 27 ಬರುತ್ತದೆ. ಸೋಂಕು ಜುಲೈ 16ರ ಈಚೆಗೆ ಇರಲಾರದು, ಜುಲೈ 27ರ ಆಚೆಗೂ ಇರಲಾರದು ಎಂಬ ಅಸಂಗತ ಉತ್ತರ. ಗಡಿಗಳು ಹೀಗೆ ಒಂದನ್ನೊಂದು ದಾಟಿದರೆ ಒಂದೇ ಸಲದ ಸೋಂಕು ಎಂಬ ಊಹೆ ಮುರಿಯಿತೆಂದು ಅರ್ಥ. ಒಂದೋ ಅದು ಮನೆಯೊಳಗೆ ಕೈಯಿಂದ ಬಾಯಿಗೆ ಹರಡಿದ ಎರಡನೇ ಸುತ್ತಿನ ಕೇಸು, ಇಲ್ಲವೇ ಮೂಲ ಇನ್ನೂ ಸೋರುತ್ತಿದೆ. ರೋಗಿ ಕಾಮಾಲೆ ಕಾಣುವುದಕ್ಕೆ ಎರಡು ವಾರ ಮುಂಚಿನಿಂದಲೇ ಮಲದಲ್ಲಿ ವೈರಸ್ ಹೊರಹಾಕುತ್ತಿರುವುದರಿಂದ ಎರಡನೇ ಸುತ್ತಿನವರು ಮೊದಲ ಅಲೆಯ ಬಾಲದಲ್ಲೇ ಬೆರೆತಿರಬಹುದು. ಅದಕ್ಕೇ ಪಟ್ಟಿಯಲ್ಲಿ ಮನೆ ನಂಬರಿನ ಕಾಲಂ ಇರಬೇಕು.

ಛೇದದ ಜಗಳ

ಅಟ್ಯಾಕ್ ರೇಟ್ ಎಂದರೆ ಸೋಂಕಿಗೆ ಈಡಾಗಬಹುದಾಗಿದ್ದವರಲ್ಲಿ ನೂರಕ್ಕೆ ಎಷ್ಟು ಮಂದಿ ಕಾಯಿಲೆ ಬಿದ್ದರು ಎಂಬುದು. ಅಂಶ ಸಿಕ್ಕಿಯಾಗಿದೆ, 41. ಛೇದ ಎಷ್ಟು? ಕೊಡಗಿನ ತೋಟಗಳಲ್ಲಿ ತನಿಖೆ ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಗ್ರಾಮ ಪಂಚಾಯಿತಿಯ ಜನಸಂಖ್ಯೆ ಹಾಕಿಕೊಂಡರೆ ದರ ಶೇಕಡಾ ಒಂದೋ ಎರಡೋ ಬಂದು ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಆಶಾ ರಿಜಿಸ್ಟರ್ ಹಿಡಿದರೆ ವಲಸೆ ಬಂದವರು ಅದರಲ್ಲಿಲ್ಲ, ದರ ಉಬ್ಬಿಹೋಗುತ್ತದೆ. ಚೆಕ್‌ರೋಲ್‌ನಲ್ಲಿ ದುಡಿಯುವವರಿದ್ದಾರೆ, ಮಕ್ಕಳು ಮುದುಕರು ಇಲ್ಲ. ಜೊತೆಗೆ ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ದಿನವೂ ಜೀಪಿನಲ್ಲಿ ಬಂದು ಹೋಗುವವರ ಹೆಸರೂ ಅದೇ ಪುಸ್ತಕದಲ್ಲಿರಬಹುದು. ಎಲ್ಲಕ್ಕಿಂತ ದೊಡ್ಡ ಮಾತು, ಬೇಕಾದದ್ದು ತನಿಖೆಯ ದಿನ ಲೈನಿನಲ್ಲಿ ಇರುವವರ ಸಂಖ್ಯೆಯಲ್ಲ, ಜುಲೈ 6ರಿಂದ 16ರವರೆಗೆ ಅಲ್ಲಿದ್ದವರ ಸಂಖ್ಯೆ. ಅಷ್ಟರೊಳಗೆ ಊರಿಗೆ ಹೋದವರೂ ಇದ್ದಾರೆ, ಹೊಸಬರೂ ಬಂದಿದ್ದಾರೆ. ಮನೆ ಮನೆಗೆ ಹೋಗಿ 'ಆ ದಿನಗಳಲ್ಲಿ ಈ ಒಲೆಯಲ್ಲಿ ಯಾರ್ಯಾರಿಗೆ ಅಡುಗೆ ಆಗುತ್ತಿತ್ತು' ಎಂದು ಕೇಳಿ ಬರೆದುಕೊಳ್ಳುವುದೇ ದಾರಿ. ಊರಿಗೆ ಹೋದವರಿಗೆ ಫೋನ್ ಮಾಡಿ ವಿಚಾರಿಸಬೇಕು, ಅವರಲ್ಲೂ ಕೇಸುಗಳಿರುತ್ತವೆ.

ಹೀಗೆ ಎಣಿಸಿದಾಗ ನಮ್ಮ ತೋಟದಲ್ಲಿ ಆಗ ಇದ್ದವರು 245 ಮಂದಿ. ಒಟ್ಟು ಅಟ್ಯಾಕ್ ರೇಟ್ ಶೇ. 16.7. ಈ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ, ಒಡೆದು ನೋಡಬೇಕು. ಒರತೆಯಿಂದ ಪೈಪಿನಲ್ಲಿ ತೊಟ್ಟಿಗೆ ಬರುವ ನೀರು ಕುಡಿಯುವ ಮೇಲಿನ ಲೈನಿನಲ್ಲಿ 120 ಜನ, ಕೇಸು 36, ಅಂದರೆ ಶೇ. 30. ಬೋರ್‌ವೆಲ್ ನೀರಿನ ಕೆಳಗಿನ ಲೈನಿನಲ್ಲಿ 125 ಜನ, ಕೇಸು 5, ಅಂದರೆ ಶೇ. 4. ಮೂವತ್ತನ್ನು ನಾಲ್ಕರಿಂದ ಭಾಗಿಸಿದರೆ ಏಳೂವರೆ. ತೊಟ್ಟಿ ನೀರಿನವರಿಗೆ ಕಾಯಿಲೆಯ ಸಾಧ್ಯತೆ ಏಳೂವರೆ ಪಟ್ಟು.

ತನಿಖೆಯ ಗಟ್ಟಿತನ ಗೊತ್ತಾಗುವುದು ಆ ಐದು ಕೇಸುಗಳನ್ನು ಹೇಗೆ ನೋಡುತ್ತೇವೆ ಎಂಬುದರಲ್ಲಿ. ಸಿದ್ಧಾಂತಕ್ಕೆ ಹೊಂದದವರನ್ನು ಬದಿಗೆ ತಳ್ಳದೆ ಮತ್ತೆ ಹೋಗಿ ಕೇಳಬೇಕು. ಇಲ್ಲಿ ಇಬ್ಬರು ಮಕ್ಕಳು ಮೇಲಿನ ಲೈನಿನ ಅಂಗನವಾಡಿಗೆ ಹೋಗುವವರು, ಒಬ್ಬರು ಅಲ್ಲಿ ಗೋದಾಮಿನ ಕೆಲಸದವರು. ಮೂವರೂ ಹಗಲು ಕುಡಿದದ್ದು ತೊಟ್ಟಿ ನೀರನ್ನೇ. ಉಳಿದ ಇಬ್ಬರಿಗೆ ವಿವರಣೆ ಸಿಗಲಿಲ್ಲ. ಸಿಗಲಿಲ್ಲ ಎಂದೇ ವರದಿಯಲ್ಲಿ ಬರೆಯಬೇಕು.

ತೊಟ್ಟಿ ನೀರು ಕುಡಿದ 84 ಮಂದಿಗೆ ಏಕೆ ಏನೂ ಆಗಲಿಲ್ಲ ಎಂಬ ಪ್ರಶ್ನೆಯನ್ನು ಮಾಲೀಕರು ಕೇಳಿಯೇ ಕೇಳುತ್ತಾರೆ. ವಯಸ್ಸು ಒಡೆದರೆ ಉತ್ತರವಿದೆ. ಆರು ವರ್ಷದೊಳಗಿನ 18 ಮಕ್ಕಳಲ್ಲಿ 2 ಕೇಸು, ಆರರಿಂದ ಮೂವತ್ತರವರೆಗಿನ 62 ಮಂದಿಯಲ್ಲಿ 31, ಮೂವತ್ತು ದಾಟಿದ 40 ಮಂದಿಯಲ್ಲಿ 3. ಪುಟ್ಟ ಮಕ್ಕಳಿಗೆ ಸೋಂಕು ತಗಲಿದರೂ ಹೆಚ್ಚಿನವರಲ್ಲಿ ಲಕ್ಷಣವೇ ಕಾಣುವುದಿಲ್ಲ, ಆದರೆ ಹರಡುವುದರಲ್ಲಿ ಅವರು ಹಿಂದೆ ಬೀಳುವುದಿಲ್ಲ. ದೊಡ್ಡವರಲ್ಲಿ ಬಹಳ ಮಂದಿ ಚಿಕ್ಕಂದಿನಲ್ಲೇ ಸೋಂಕಾಗಿ ಜೀವಮಾನದ ರೋಗನಿರೋಧಕ ಶಕ್ತಿ ಪಡೆದವರು. ನಡುವಿನ ವಯಸ್ಸಿನವರು ಅರ್ಧಕ್ಕರ್ಧ ಮಲಗಿದ್ದಾರೆ.

ಇನ್ನೊಂದು ಒಡೆತ ನೀರು ಕಾಯಿಸುವುದರದು. ಸದಾ ಕಾಯಿಸಿ ಕುಡಿಯುವವರು 44, ಕೇಸು 4, ಶೇ. 9. ಹಾಗೆ ಮಾಡದವರು 76, ಕೇಸು 32, ಶೇ. 42. 'ನೀರು ಕಾಯಿಸುತ್ತೀರಾ' ಎಂದರೆ ಎಲ್ಲರೂ ಹೌದು ಎನ್ನುತ್ತಾರೆ, ಬಂದವರು ಆರೋಗ್ಯ ಇಲಾಖೆಯವರಲ್ಲವೇ. ಕೇಳಬೇಕಾದದ್ದು ಬೇರೆ. ಕಾಯಿಸಿದ ಪಾತ್ರೆ ತೋರಿಸಿ, ಕೆಲಸದ ಜಾಗಕ್ಕೆ ಕ್ಯಾನಿನಲ್ಲಿ ಒಯ್ಯುವ ನೀರು ಯಾವುದು, ಬಿಸಿ ನೀರನ್ನು ಆರಿಸಲು ತಣ್ಣೀರು ಬೆರೆಸುತ್ತೀರಾ. ಬೆರೆಸುವವರನ್ನು ಕಾಯಿಸದವರ ಲೆಕ್ಕಕ್ಕೇ ಹಾಕಬೇಕು.

ಲೆಕ್ಕ ಮುಗಿಯುವವರೆಗೆ ಕಾಯಬಾರದು

ಇದೆಲ್ಲ ಪೂರ್ತಿಯಾಗುವುದು ಸೆಪ್ಟೆಂಬರಿನಲ್ಲಿ. ತೊಟ್ಟಿಗೆ ಕ್ಲೋರಿನ್ ಹಾಕುವುದು ಮಾತ್ರ ಆಗಸ್ಟ್ 14ರಂದೇ ಆಗಬೇಕು. ಮೊದಲು ಮಾದರಿ, ಐದು ನಿಮಿಷದ ಬಳಿಕ ಕ್ಲೋರಿನ್. ಬಾಟಲಿಯಲ್ಲಿ ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು, ಮೊದಲೇ ಯಾರಾದರೂ ಪೌಡರ್ ಸುರಿದಿದ್ದರೆ ಅದರ ಪ್ರಭಾವ ಅಲ್ಲಿಗೇ ನಿಲ್ಲುತ್ತದೆ. ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಎಂಬುದು ಪುಸ್ತಕದ ಅಳತೆ. ಆದರೆ ಜುಲೈ ಆಗಸ್ಟಿನ ಕೊಡಗಿನ ತೇವದಲ್ಲಿ ಬಾಯಿ ತೆರೆದಿಟ್ಟ ಚೀಲದ ಪೌಡರ್ ಬಲ ಕಳೆದುಕೊಂಡಿರುತ್ತದೆ, ನೀರೂ ಕೆಸರಾಗಿರುತ್ತದೆ. ಆದ್ದರಿಂದ ಹಾಕಿದ ಗ್ರಾಂ ಲೆಕ್ಕಕ್ಕಿಲ್ಲ, ಅರ್ಧ ಗಂಟೆಯ ಮೇಲೆ ಪೈಪಿನ ತುದಿಯ ಮನೆಯ ನಲ್ಲಿಯಲ್ಲಿ ಉಳಿದಿರುವ ಕ್ಲೋರಿನ್ ಎಷ್ಟು ಎಂಬುದೇ ಲೆಕ್ಕ. ಮಾಮೂಲಿ ದಿನಗಳಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಸಾಕು, ವೈರಸ್ ಭಯವಿರುವಾಗ 0.5 ಇರಬೇಕು.

ಈ ಕ್ರಮ ಫಲಿಸಿತೇ ಎಂದು ತಿಳಿಯಲೂ ಅದೇ ಕ್ಯಾಲೆಂಡರ್ ಸಾಕು. ಆಗಸ್ಟ್ 14ಕ್ಕೆ ನೀರು ಸುರಕ್ಷಿತವಾಯಿತು ಎಂದಿಟ್ಟುಕೊಂಡರೆ, ಅದಕ್ಕೆ 50 ದಿನ ಕೂಡಿದರೆ ಅಕ್ಟೋಬರ್ 3. ಅಲ್ಲಿಯವರೆಗೆ ಬಿಡಿಬಿಡಿಯಾಗಿ ಕಾಣುವ ಕೇಸುಗಳು ಹಳೆಯ ನೀರಿನವೇ ಇರಬಹುದು, ಗಾಬರಿಗೆ ಕಾರಣವಲ್ಲ. ಅಕ್ಟೋಬರ್ 3ರ ಆಮೇಲೆ, ಮನೆಯಲ್ಲಾಗಲಿ ಅಂಗನವಾಡಿಯಲ್ಲಾಗಲಿ ಯಾವ ರೋಗಿಯ ಒಡನಾಟವೂ ಇಲ್ಲದ ಒಬ್ಬರು ಮೇಲಿನ ಲೈನಿನಲ್ಲಿ ಮಲಗಿದರೆ, ಕ್ಲೋರಿನ್ ರಿಜಿಸ್ಟರಿನಲ್ಲಿ ಏನೇ ಬರೆದಿರಲಿ, ಒರತೆಯಿಂದ ತೊಟ್ಟಿಯವರೆಗಿನ ಪೈಪನ್ನು ಮತ್ತೊಮ್ಮೆ ಉದ್ದಕ್ಕೂ ನಡೆದು ನೋಡಬೇಕು.